ಎರಡು ಸಲ ಸುಟ್ಟ ಮೋಟರು ಮತ್ತು ವೋಲ್ಟೇಜಿನ ವರ್ಗ: ಒಂದು ರಿಪೇರಿ ಟಿಪ್ಪಣಿ

ಕಂಪ್ರೆಸರಿನ ಮೋಟರನ್ನು ಎರಡನೆಯ ಸಲ ಬಿಚ್ಚಿದಾಗ ಒಳಗೆ ಕಂಡದ್ದು ಮೊದಲ ಸಲ ಕಂಡದ್ದೇ. ಮೂರೂ ಫೇಸಿನ ಸುರುಳಿಗಳು ಒಂದೇ ಸಮನಾಗಿ ಕಪ್ಪಾಗಿದ್ದವು. ವಾರ್ನಿಷ್ ಪುಡಿಪುಡಿಯಾಗಿ ಉದುರುತ್ತಿತ್ತು. ಸ್ಲಾಟಿನ ಕಾಗದವನ್ನು ಬೆರಳಿನಿಂದ ಮುಟ್ಟಿದರೆ ಒಣಗಿದ ಎಲೆಯಂತೆ ಮುರಿಯುತ್ತಿತ್ತು.

ಈ ಸಮನಾದ ಕಪ್ಪು ಒಂದು ಸುಳಿವು. ಡೆಲ್ಟಾ ಜೋಡಣೆಯ ಮೋಟರಿಗೆ ಬರುವ ಮೂರು ತಂತಿಗಳಲ್ಲಿ ಒಂದು ಹೋದರೆ ಸಾಮಾನ್ಯವಾಗಿ ಒಂದು ಫೇಸಿನ ಸುರುಳಿಗಳು ಮಾತ್ರ ಸುಡುತ್ತವೆ, ಉಳಿದೆರಡು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಸ್ಟಾರ್ ಜೋಡಣೆಯಾದರೆ ಎರಡು ಫೇಸು ಸುಡುತ್ತವೆ. ಮೂರೂ ಸಮನಾಗಿ ಸುಟ್ಟಿವೆ ಎಂದರೆ ಮೂರರಲ್ಲೂ ಹೆಚ್ಚು ಕರೆಂಟು ಹರಿದಿದೆ ಎಂದರ್ಥ. ಒಂದೋ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜು ಕಡಿಮೆಯಾಗಿದೆ, ಅಥವಾ ಮೋಟರು ವೇಗಕ್ಕೆ ಏರಲು ತೀರ ಹೊತ್ತು ತೆಗೆದುಕೊಂಡಿದೆ.

ಮೋಟರು 5.5 ಕಿಲೋವಾಟಿನದು. 415 ವೋಲ್ಟ್, 50 ಹರ್ಟ್ಸ್, ನಾಲ್ಕು ಪೋಲು, ನಿಮಿಷಕ್ಕೆ 1440 ಸುತ್ತು, ಪೂರ್ಣ ಹೊರೆಯಲ್ಲಿ 11 ಆಂಪಿಯರ್. ಆರಂಭದ ಕರೆಂಟು ತಗ್ಗಿಸಲು ಮೊದಲು ಸ್ಟಾರಿನಲ್ಲಿ ಎಳೆದು ಆಮೇಲೆ ಡೆಲ್ಟಾಕ್ಕೆ ತಿರುಗಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರು. ಪ್ಯಾನಲಿನಿಂದ ಮೋಟರಿಗೆ 110 ಮೀಟರ್ ಕೇಬಲು. ಇದನ್ನು ಓಡಿಸುವವರು ಪ್ರತಿ ಸಲವೂ ಪ್ಯಾನಲಿನ ವೋಲ್ಟ್ ಮೀಟರು ನೋಡಿಯೇ ಬಟನ್ ಒತ್ತುತ್ತಿದ್ದರಂತೆ. ಅದು 370ರ ಮೇಲೆ ಇದ್ದರೆ ಅವರಿಗೆ ಸಮಾಧಾನ.

ವೈಂಡಿಂಗ್ ಮೇಸ್ತ್ರಿಯ ತೀರ್ಪು ಒಂದೇ ಸಾಲಿನದು. "ವೋಲ್ಟೇಜು ಕಡಿಮೆ ಇದೆ ಸಾರ್, ನಾನು ಎಷ್ಟು ಸಲ ಕಟ್ಟಿದರೂ ಹೀಗೆಯೇ ಆಗುತ್ತದೆ."

"415 ಇರಬೇಕಾದಲ್ಲಿ 372 ಇದೆ. ನೂರಕ್ಕೆ ಹತ್ತು ಕಡಿಮೆ, ಅಷ್ಟೇ ತಾನೆ?" ಎಂದು ಕೇಳಿದೆ.

"ನಿಮಗೆ ಹತ್ತು. ಮೋಟರಿಗೆ ಇಪ್ಪತ್ತು" ಎಂದರು ಅವರು.

ಅವರ ಲೆಕ್ಕ ಸರಿ. 0.9ನ್ನು 0.9ರಿಂದ ಗುಣಿಸಿದರೆ 0.81. ಮೋಟರಿನ ತಿರುಗಿಸುವ ಬಲ, ಅಂದರೆ ಟಾರ್ಕ್, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೂತ್ರ ನನಗೂ ಗೊತ್ತಿತ್ತು, T ∝ V² ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಆದರೆ ಮೋಟರು ಸುಡುವುದಕ್ಕೂ ಆ ವರ್ಗಕ್ಕೂ ಇರುವ ನಂಟು ಕೈಗೆ ಸಿಕ್ಕಿರಲಿಲ್ಲ. ಮೇಸ್ತ್ರಿ ಮೂರನೆಯ ಸಲ ತಂತಿ ಸುತ್ತುತ್ತಿದ್ದ ವಾರದಲ್ಲಿ, ಮೂಲೆಯಲ್ಲಿ ಬಿದ್ದಿದ್ದ 1.5 ಕಿಲೋವಾಟಿನ ಮೋಟರೊಂದನ್ನು ಎತ್ತಿಕೊಂಡು ಪರೀಕ್ಷೆಗೆ ಕುಳಿತೆ.

ಪರೀಕ್ಷೆಯ ಜೋಡಣೆ

ಚಿಕ್ಕ ಮೋಟರಿನ ಫಲಕದಲ್ಲಿದ್ದದ್ದು: 415 ವೋಲ್ಟ್, ಸ್ಟಾರ್ ಜೋಡಣೆ, 3.4 ಆಂಪಿಯರ್, ನಿಮಿಷಕ್ಕೆ 1410 ಸುತ್ತು. ನಾಲ್ಕು ಪೋಲಿನ ಮೋಟರಾದ್ದರಿಂದ ಕಾಂತಕ್ಷೇತ್ರ ತಿರುಗುವುದು 1500 ಸುತ್ತಿನಲ್ಲಿ. ಅಂದರೆ ಪೂರ್ಣ ಹೊರೆಯಲ್ಲಿ ರೋಟರು 90 ಸುತ್ತು ಹಿಂದೆ ಬೀಳುತ್ತದೆ, ಸ್ಲಿಪ್ ನೂರಕ್ಕೆ 6. ಪೂರ್ಣ ಹೊರೆಯ ಟಾರ್ಕ್ ಸುಮಾರು 10 ನ್ಯೂಟನ್-ಮೀಟರ್.

ವೋಲ್ಟೇಜನ್ನು ಏರಿಸಿ ಇಳಿಸಲು 10 ಆಂಪಿಯರಿನ ಮೂರು ಫೇಸ್ ವೇರಿಯಾಕ್ ಇತ್ತು. ಹೊರೆಗೆ ಹಗ್ಗದ ಬ್ರೇಕು ಮಾಡಿಕೊಂಡೆ: ಶಾಫ್ಟಿಗೆ 95 ಮಿಲಿಮೀಟರ್ ತ್ರಿಜ್ಯದ ಡ್ರಮ್ಮು, ಅದರ ಮೇಲೆ 10 ಮಿಲಿಮೀಟರ್ ದಪ್ಪದ ಹಗ್ಗ, ಹಗ್ಗದ ಎರಡು ತುದಿಗೂ ಒಂದೊಂದು ಸ್ಪ್ರಿಂಗ್ ತಕ್ಕಡಿ. ಹಗ್ಗದ ಅರ್ಧ ದಪ್ಪ ಸೇರಿದರೆ ತ್ರಿಜ್ಯ ಸರಿಯಾಗಿ 100 ಮಿಲಿಮೀಟರ್. ಎರಡು ತಕ್ಕಡಿಗಳ ನಡುವೆ 10.2 ಕಿಲೋ ವ್ಯತ್ಯಾಸ ಇಟ್ಟರೆ ಹೊರೆ 10 ನ್ಯೂಟನ್-ಮೀಟರ್ ಆಗುತ್ತದೆ.

ಮೊದಲ ಯತ್ನದಲ್ಲಿ ಎರಡೇ ನಿಮಿಷಕ್ಕೆ ಹಗ್ಗದಿಂದ ಹೊಗೆ ಎದ್ದಿತು. ಒಂದೂವರೆ ಕಿಲೋವಾಟು ಪೂರ್ತಿ ಆ ಡ್ರಮ್ಮಿನಲ್ಲೇ ಶಾಖವಾಗುತ್ತದೆ ಎಂಬುದನ್ನು ಮರೆತಿದ್ದೆ. ಹೀಟರೊಂದಕ್ಕೆ ಹಗ್ಗ ಸುತ್ತಿದಂತೆ ಅದು. ಒಳಬದಿಗೆ ಅಂಚು ಇರುವ, ನೀರು ನಿಲ್ಲುವ ಡ್ರಮ್ಮು ತಂದು ಹಾಕಿದ ಮೇಲೆ ಕೆಲಸ ಸಾಗಿತು. ತಿರುಗುವಾಗ ನೀರು ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ, ಮೋಟರು ನಿಂತ ಕ್ಷಣ ಕಾಲ ಮೇಲೆ ಸುರಿಯುತ್ತದೆ. ಹಗ್ಗ ಬಿಸಿಯಾದಂತೆ ಘರ್ಷಣೆಯೂ ಬದಲಾಗುವುದರಿಂದ, ತಕ್ಕಡಿಯನ್ನೇ ನೋಡುತ್ತ ತಿರುಪನ್ನು ಬಿಗಿಮಾಡಲು ಸಡಿಲಿಸಲು ಒಬ್ಬರು ಬೇಕೇ ಬೇಕು.

ಸ್ಲಿಪ್ ಅಳೆಯುವವರಿಗೆ ಒಂದು ಎಚ್ಚರಿಕೆ. ಟ್ಯಾಕೋಮೀಟರು 1386 ತೋರಿಸಿತು ಎಂದ ಮಾತ್ರಕ್ಕೆ ಸ್ಲಿಪ್ 114 ಎಂದು ಬರೆದುಕೊಳ್ಳಬಾರದು. ಆ ಹೊತ್ತಿಗೆ ಲೈನಿನ ಫ್ರೀಕ್ವೆನ್ಸಿ 49.9 ಇದ್ದರೆ ಕಾಂತಕ್ಷೇತ್ರದ ವೇಗವೇ 1497. ನೂರು ಸುತ್ತಿನ ಲೆಕ್ಕದಲ್ಲಿ ಮೂರು ಸುತ್ತಿನ ತಪ್ಪು ಸಣ್ಣದಲ್ಲ. ಪ್ರತಿ ಓದಿಗೂ ಫ್ರೀಕ್ವೆನ್ಸಿಯನ್ನೂ ಬರೆದುಕೊಂಡು ಸರಿಪಡಿಸಿದೆ.

ನಿಂತ ಮೋಟರಿನಲ್ಲಿ ವರ್ಗ

ಮೊದಲು ರೋಟರನ್ನು ಹಿಡಿದು ನಿಲ್ಲಿಸಿ ನೋಡಿದೆ. ಶಾಫ್ಟಿಗೆ 25 ಸೆಂಟಿಮೀಟರಿನ ಕಬ್ಬಿಣದ ತೋಳು ಬಿಗಿದು, ಅದರ ತುದಿ ಡಿಜಿಟಲ್ ತೂಕದ ಯಂತ್ರದ ಮೇಲೆ ಒತ್ತುವಂತೆ ಮಾಡಿದೆ. 104 ವೋಲ್ಟ್ ಕೊಟ್ಟೆ, ಅಂದರೆ ಪೂರ್ಣ ವೋಲ್ಟೇಜಿನ ಕಾಲು ಭಾಗ. ಕರೆಂಟು 4.5 ಆಂಪಿಯರ್, ತೂಕ 510 ಗ್ರಾಂ. ವೋಲ್ಟೇಜನ್ನು ಇಮ್ಮಡಿ ಮಾಡಿ 208 ಕೊಟ್ಟೆ. ಕರೆಂಟು 9.2ಕ್ಕೆ ಏರಿತು. ತೂಕ 2160 ಗ್ರಾಂ!

ಕರೆಂಟು ಎರಡು ಪಟ್ಟು, ಟಾರ್ಕ್ ನಾಲ್ಕು ಪಟ್ಟು. ಪುಸ್ತಕದಲ್ಲಿ ಓದಿದ್ದನ್ನು ತೂಕದ ಯಂತ್ರದ ಮೇಲೆ ಗ್ರಾಮಿನಲ್ಲಿ ನೋಡಿದಾಗ ಅದರ ರುಚಿಯೇ ಬೇರೆ.

ಕಾರಣ ಸರಳ. ಈ ಮೋಟರಿನಲ್ಲಿ ಒಂದೇ ವೋಲ್ಟೇಜು ಎರಡು ಕೆಲಸ ಮಾಡುತ್ತದೆ. ಸ್ಟೇಟರಿನಲ್ಲಿ ಕಾಂತಕ್ಷೇತ್ರವನ್ನು ಹುಟ್ಟಿಸುವುದೂ ಅದೇ, ಆ ಕ್ಷೇತ್ರದ ಮೂಲಕ ರೋಟರಿನ ಕಂಬಿಗಳಲ್ಲಿ ಕರೆಂಟನ್ನು ಹುಟ್ಟಿಸುವುದೂ ಅದೇ. ಟಾರ್ಕ್ ಎಂದರೆ ಕ್ಷೇತ್ರ ಮತ್ತು ಕರೆಂಟು ಇವೆರಡರ ಗುಣಲಬ್ಧ. ವೋಲ್ಟೇಜು ಅರ್ಧವಾದರೆ ಕ್ಷೇತ್ರವೂ ಅರ್ಧ, ಅದೇ ಸ್ಲಿಪ್ಪಿನಲ್ಲಿ ರೋಟರಿನ ಕರೆಂಟೂ ಅರ್ಧ, ಗುಣಿಸಿದರೆ ಕಾಲು. ಇಲ್ಲಿ "ಅದೇ ಸ್ಲಿಪ್ಪಿನಲ್ಲಿ" ಎಂಬ ಮಾತು ಮುಖ್ಯ. ರೋಟರು ನಿಂತಿರುವಾಗ ಸ್ಲಿಪ್ ಎಂದಿಗೂ ನೂರಕ್ಕೆ ನೂರು, ಹಾಗಾಗಿ ವರ್ಗದ ನಿಯಮ ಇಷ್ಟು ಬಿಚ್ಚುಬಿಚ್ಚಾಗಿ ಕಾಣುತ್ತದೆ. ಓಡುವ ಮೋಟರಿನಲ್ಲಿ ಅದು ವೇಷ ಮರೆಸಿಕೊಂಡು ಬರುತ್ತದೆ.

2160ನ್ನು 510ರಿಂದ ಭಾಗಿಸಿದರೆ 4 ಬರುವುದಿಲ್ಲ, 4.2 ಬರುತ್ತದೆ. ಅದು ನನ್ನ ಅಳತೆಯ ತಪ್ಪು ಮಾತ್ರವಲ್ಲ. ಕರೆಂಟು ಹೆಚ್ಚಾದಂತೆ ಸ್ಲಾಟಿನ ಹಲ್ಲುಗಳ ತುದಿಯ ಕಬ್ಬಿಣ ಕಾಂತತ್ವದಿಂದ ತುಂಬಿಹೋಗಿ, ಸೋರಿಕೆಯ ರಿಯಾಕ್ಟನ್ಸ್ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಕಡಿಮೆ ವೋಲ್ಟೇಜಿನಲ್ಲಿ ಅಳೆದು ವರ್ಗದ ಲೆಕ್ಕದಿಂದ ಪೂರ್ಣ ವೋಲ್ಟೇಜಿಗೆ ಏರಿಸಿದರೆ, ನಿಜವಾದ ಆರಂಭದ ಟಾರ್ಕಿಗಿಂತ ಕಡಿಮೆಯೇ ಸಿಗುತ್ತದೆ. ನನ್ನ ಲೆಕ್ಕಕ್ಕೆ ಸುಮಾರು 20 ನ್ಯೂಟನ್-ಮೀಟರ್ ಬಂತು.

ಈ ಪರೀಕ್ಷೆಯಲ್ಲಿ ಎರಡು ಸಲ ಎಡವಿದೆ. ರೋಟರು ಯಾವ ಕೋನದಲ್ಲಿ ನಿಂತಿದೆ ಎಂಬುದರ ಮೇಲೆ ತೂಕ ಬದಲಾಗುತ್ತದೆ, ಸ್ಟೇಟರಿನ ಹಲ್ಲುಗಳೂ ರೋಟರಿನ ಹಲ್ಲುಗಳೂ ಎದುರುಬದುರಾಗುವ ಆಟ ಅದು. ತೋಳನ್ನು ಐದು ಕೋನಗಳಲ್ಲಿ ಬಿಗಿದು ಸರಾಸರಿ ತೆಗೆದ ಮೇಲೆ ಅಂಕಿಗಳು ಸ್ಥಿರವಾದವು. ಇನ್ನೊಂದು, ಶಾಖ. ನಿಂತ ಮೋಟರಿನಲ್ಲಿ ಫ್ಯಾನೂ ತಿರುಗುವುದಿಲ್ಲ. ಮೂರ್ನಾಲ್ಕು ಸೆಕೆಂಡಿಗಿಂತ ಹೆಚ್ಚು ಕರೆಂಟು ಕೊಟ್ಟರೆ ಮುಂದಿನ ಓದು ಹಾಳಾಗುತ್ತದೆ, ಇನ್ನೂ ಹೆಚ್ಚು ಕೊಟ್ಟರೆ ಮೋಟರೇ.

ಓಡುವ ಮೋಟರಿನಲ್ಲಿ ವರ್ಗ

ತೋಳು ಬಿಚ್ಚಿ ಹಗ್ಗದ ಬ್ರೇಕು ಹಾಕಿದೆ. ಹೊರೆಯನ್ನು 10 ನ್ಯೂಟನ್-ಮೀಟರಿಗೆ ಕಟ್ಟಿಟ್ಟು, ವೋಲ್ಟೇಜನ್ನು ಮಾತ್ರ ಬದಲಿಸುತ್ತ ಹೋದೆ. ಸಿಕ್ಕಿದ್ದು ಇಷ್ಟು:

| ವೋಲ್ಟೇಜು | ವೇಗ (ಸುತ್ತು) | ಹಿಂದೆ ಬಿದ್ದದ್ದು (ಸುತ್ತು) | ಕರೆಂಟು (ಆಂಪಿಯರ್) |
|---|---|---|---|
| 456 | 1428 | 72 | 3.6 |
| 415 | 1410 | 90 | 3.4 |
| 373 | 1386 | 114 | 3.6 |
| 332 | 1348 | 152 | 4.0 |
| 290 | 1275 | 225 | 4.8 |

ಮೊದಲ ನೋಟಕ್ಕೆ ವರ್ಗ ಎಲ್ಲಿದೆ ಎಂದು ಅನ್ನಿಸುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೂ ವೇಗ ಇಳಿದದ್ದು 24 ಸುತ್ತು, ಕರೆಂಟು ಏರಿದ್ದು 0.2 ಆಂಪಿಯರ್. ಇಷ್ಟಕ್ಕೆ ಮೋಟರು ಸುಡುತ್ತದೆಯೇ?

ಹಗ್ಗ ಕೇಳುತ್ತಿರುವುದು 10 ನ್ಯೂಟನ್-ಮೀಟರ್, ಅದರಲ್ಲಿ ರಿಯಾಯಿತಿ ಇಲ್ಲ. ವೋಲ್ಟೇಜು ಇಳಿದ ಕೂಡಲೇ ಮೋಟರಿನ ಟಾರ್ಕ್ ಅದೇ ಸ್ಲಿಪ್ಪಿನಲ್ಲಿ 8.1ಕ್ಕೆ ಕುಸಿಯುತ್ತದೆ. ಹೊರೆಗೆ ಸಾಲದು, ಹಾಗಾಗಿ ರೋಟರು ನಿಧಾನವಾಗುತ್ತದೆ. ನಿಧಾನವಾದಷ್ಟೂ ಕಾಂತಕ್ಷೇತ್ರ ರೋಟರಿನ ಕಂಬಿಗಳನ್ನು ಹೆಚ್ಚು ವೇಗದಲ್ಲಿ ಹಾಯ್ದುಹೋಗುತ್ತದೆ, ಕಂಬಿಗಳಲ್ಲಿ ಕರೆಂಟು ಹೆಚ್ಚುತ್ತದೆ, ಟಾರ್ಕ್ ಮತ್ತೆ 10ಕ್ಕೆ ಬಂದು ನಿಲ್ಲುತ್ತದೆ. ಕಳೆದುಕೊಂಡ ವರ್ಗವನ್ನು ಮೋಟರು ಸ್ಲಿಪ್ಪಿನ ರೂಪದಲ್ಲಿ ತೆರುತ್ತದೆ. 90ನ್ನು 0.81ರಿಂದ ಭಾಗಿಸಿದರೆ 111. ಅಳೆದದ್ದು 114. ವರ್ಗ ಅಲ್ಲೇ ಇದೆ, ಅದನ್ನು ವೇಗದ ಕಂಬದಲ್ಲಿ ಹುಡುಕದೆ ಹಿಂದೆ ಬಿದ್ದ ಸುತ್ತಿನ ಕಂಬದಲ್ಲಿ ಹುಡುಕಬೇಕು.

ವೋಲ್ಟೇಜು ಇನ್ನೂ ಇಳಿದಂತೆ ಈ ಸುಲಭದ ಭಾಗಾಕಾರ ಹಿಂದೆ ಉಳಿಯುತ್ತದೆ. 290 ವೋಲ್ಟಿಗೆ ಅದು ಹೇಳುವುದು 184 ಸುತ್ತು, ಬಂದದ್ದು 225. ಟಾರ್ಕ್ ಮತ್ತು ಸ್ಲಿಪ್ಪಿನ ಗೆರೆ ಆರಂಭದಲ್ಲಿ ಮಾತ್ರ ನೇರ. ಗರಿಷ್ಠ ಟಾರ್ಕಿನ ಹತ್ತಿರಕ್ಕೆ ಬಂದಂತೆ ಅದು ಬಾಗುತ್ತದೆ, ಅಲ್ಲಿ ಸ್ವಲ್ಪ ಟಾರ್ಕಿಗೂ ಬಹಳಷ್ಟು ಸ್ಲಿಪ್ ತೆರಬೇಕಾಗುತ್ತದೆ.

ಇನ್ನು ಕರೆಂಟು. ಅದು ಬಹಳ ಸಭ್ಯವಾಗಿ ಏರಿದಂತೆ ಕಾಣುವುದೇ ಮೋಸ. ಕ್ಲ್ಯಾಂಪ್ ಮೀಟರು ತೋರಿಸುವ ಕರೆಂಟಿನಲ್ಲಿ ಎರಡು ಪಾಲಿದೆ. ಒಂದು ಕ್ಷೇತ್ರ ಹುಟ್ಟಿಸುವ ಪಾಲು. ಹೊರೆಯೇ ಇಲ್ಲದೆ ಓಡಿಸಿದಾಗ ಈ ಮೋಟರು 1.9 ಆಂಪಿಯರ್ ಎಳೆಯುತ್ತಿತ್ತು, ಅದರಲ್ಲಿ ಹೆಚ್ಚಿನಂಶ ಇದೇ. ಇನ್ನೊಂದು ಹೊರೆ ಹೊರುವ ಪಾಲು, ಅದೇ ರೋಟರಿನಲ್ಲೂ ಹರಿಯುವಂಥದು. ವೋಲ್ಟೇಜು ಇಳಿದಾಗ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಮೀಟರು ಇವೆರಡನ್ನೂ ಸೇರಿಸಿ ತೋರಿಸುವುದರಿಂದ ಒಂದರ ಇಳಿತ ಇನ್ನೊಂದರ ಏರಿಕೆಯನ್ನು ಮುಚ್ಚಿಹಾಕುತ್ತದೆ. ರೋಟರಿನೊಳಗೆ ಮಾತ್ರ ಇಂಥ ಯಾವ ಮುಚ್ಚುಮರೆಯೂ ಇಲ್ಲ.

ರೋಟರಿನ ಶಾಖವನ್ನು ಲೆಕ್ಕ ಹಾಕುವುದು ಸುಲಭ. ಸ್ಟೇಟರಿನಿಂದ ಗಾಳಿಯ ಸಂದಿ ದಾಟಿ ಬರುವ ಶಕ್ತಿಯಲ್ಲಿ ಸ್ಲಿಪ್ ಎಷ್ಟು ಪಾಲೋ ಅಷ್ಟು ಪಾಲು ರೋಟರಿನ ಕಂಬಿಗಳಲ್ಲೇ ಶಾಖವಾಗುತ್ತದೆ. 10 ನ್ಯೂಟನ್-ಮೀಟರ್ ಟಾರ್ಕಿಗೆ ಸಂದಿ ದಾಟುವ ಶಕ್ತಿ 1570 ವಾಟ್, ವೋಲ್ಟೇಜು ಎಷ್ಟಿದ್ದರೂ ಇದು ಬದಲಾಗುವುದಿಲ್ಲ. 415 ವೋಲ್ಟಿನಲ್ಲಿ ಅದರ ನೂರಕ್ಕೆ 6, ಅಂದರೆ 94 ವಾಟ್. 332 ವೋಲ್ಟಿನಲ್ಲಿ ಸುಮಾರು 159 ವಾಟ್. ಕರೆಂಟು 3.4ರಿಂದ 4ಕ್ಕೆ ಏರಿದ್ದನ್ನು ನೋಡಿ "ಪರವಾಗಿಲ್ಲ" ಎನ್ನುವಷ್ಟರಲ್ಲಿ ರೋಟರಿನ ಶಾಖ ನೂರಕ್ಕೆ ಸುಮಾರು 70ರಷ್ಟು ಹೆಚ್ಚಾಗಿರುತ್ತದೆ. ಆ ಶಾಖ ಹೊರಗೆ ಹೋಗಬೇಕಾದರೆ ಸ್ಟೇಟರಿನ ಸುರುಳಿಗಳ ಪಕ್ಕದಿಂದಲೇ ಹೋಗಬೇಕು.

ಪಟ್ಟಿಯ ಮೊದಲ ಸಾಲನ್ನೂ ನೋಡಿ. 456 ವೋಲ್ಟಿನಲ್ಲಿ ಸ್ಲಿಪ್ ಇಳಿಯಿತು, ಆದರೆ ಕರೆಂಟು ಇಳಿಯಲಿಲ್ಲ, ಏರಿತು. ಹೊರೆ ತೆಗೆದು ನೋಡಿದರೆ ಬರಿದೇ ಓಡುವ ಮೋಟರು 1.9ರ ಬದಲು 2.5 ಆಂಪಿಯರ್ ಎಳೆಯುತ್ತಿತ್ತು. ವೋಲ್ಟೇಜು ನೂರಕ್ಕೆ ಹತ್ತು ಏರಿದ್ದಕ್ಕೆ ಬರಿಯ ಕರೆಂಟು ನೂರಕ್ಕೆ ಮೂವತ್ತು ಏರಿದೆ, ಏಕೆಂದರೆ ಕಬ್ಬಿಣ ಆಗಲೇ ತುಂಬಿಹೋಗಿದೆ. ಮೋಟರಿಗೆ ಹೆಚ್ಚು ವೋಲ್ಟೇಜು ಕೊಟ್ಟಷ್ಟೂ ತಣ್ಣಗಿರುತ್ತದೆ ಎನ್ನುವವರು ಈ ಸಾಲನ್ನು ಮರೆಯುತ್ತಾರೆ. ಟಾರ್ಕಿಗೇನೋ ಒಳ್ಳೆಯದೇ, ಕಬ್ಬಿಣಕ್ಕೆ ಅಲ್ಲ.

ಕೊನೆಗೆ ವೇರಿಯಾಕನ್ನು ನಿಧಾನವಾಗಿ ಇನ್ನೂ ಕೆಳಗೆ ತಿರುಗಿಸಿದೆ. 280ರಲ್ಲಿ ಮೋಟರಿನ ದನಿ ದಪ್ಪವಾಯಿತು. 270ರ ಹತ್ತಿರ ಟ್ಯಾಕೋಮೀಟರಿನ ಅಂಕಿ ಒಂದೆಡೆ ನಿಲ್ಲಲೇ ಇಲ್ಲ. 268ರಲ್ಲಿ, ನಾನು ಗುಂಡಿ ಮುಟ್ಟದೆ ಸುಮ್ಮನೆ ನೋಡುತ್ತಿದ್ದಾಗಲೇ, ವೇಗ 1150ರಿಂದ ಜಾರಿ ಮೂರು ಎಣಿಸುವಷ್ಟರಲ್ಲಿ ಮೋಟರು ಗುಂಯ್ ಎನ್ನುತ್ತ ನಿಂತುಬಿಟ್ಟಿತು. ಕ್ಲ್ಯಾಂಪ್ ಮೀಟರಿನಲ್ಲಿ 12 ಆಂಪಿಯರ್. ಡ್ರಮ್ಮಿನ ನೀರೆಲ್ಲ ನೆಲಕ್ಕೆ. ತಕ್ಷಣ ಸ್ವಿಚ್ ಆರಿಸಿದೆ.

ಇದನ್ನು ಮೊದಲೇ ಲೆಕ್ಕ ಹಾಕಬಹುದಿತ್ತು. ಈ ಮೋಟರಿನ ಗರಿಷ್ಠ ಟಾರ್ಕ್ ಪೂರ್ಣ ಹೊರೆಯ ಎರಡೂವರೆ ಪಟ್ಟು ಎಂದು ತಯಾರಕರ ಪಟ್ಟಿಯಲ್ಲಿದೆ. ಅದೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೇ ಇಳಿಯುತ್ತದೆ. ಎರಡೂವರೆ ಒಂದಕ್ಕೆ ಇಳಿಯಬೇಕಾದರೆ ವೋಲ್ಟೇಜು 415ನ್ನು 2.5ರ ವರ್ಗಮೂಲದಿಂದ ಭಾಗಿಸಿದಷ್ಟಾಗಬೇಕು, ಅಂದರೆ 262. ಬಿಸಿಯಾದ ಮೋಟರು, ಹಳೆಯ ಹಗ್ಗ, ಆರು ವೋಲ್ಟಿನ ವ್ಯತ್ಯಾಸ. ನನಗೆ ಸಾಕು.

ಇದೆಲ್ಲ ಸ್ಥಿರ ಟಾರ್ಕ್ ಕೇಳುವ ಹೊರೆಯ ಮಾತು. ಫ್ಯಾನು, ಸೆಂಟ್ರಿಫ್ಯೂಗಲ್ ಪಂಪುಗಳಲ್ಲಿ ವೇಗ ತುಸು ಇಳಿದರೆ ಹೊರೆಯೂ ತಾನೇ ಇಳಿಯುತ್ತದೆ, ಅವು ಇಷ್ಟು ಹಟ ಹಿಡಿಯುವುದಿಲ್ಲ. ಪಿಸ್ಟನ್ ಕಂಪ್ರೆಸರಿಗೆ ಆ ದಾಕ್ಷಿಣ್ಯವಿಲ್ಲ.

ಮತ್ತೆ ಕಂಪ್ರೆಸರಿನ ಬಳಿ

ಮೇಸ್ತ್ರಿ ಮೋಟರು ಕಟ್ಟಿ ಕಳಿಸಿದರು. ಸುತ್ತುಗಳ ಎಣಿಕೆ ಮೂಲದಷ್ಟೇ ಇದೆಯೇ ಎಂದು ಕೇಳಿದೆ. ತಮ್ಮ ಪುಸ್ತಕ ತೆರೆದು ತೋರಿಸಿದರು, ಸರಿಯಾಗಿತ್ತು. ಕೇಳಲು ಕಾರಣವಿತ್ತು. ಪ್ರತಿ ಸುರುಳಿಗೆ ನೂರಕ್ಕೆ ಹತ್ತು ಸುತ್ತು ಹೆಚ್ಚು ಹಾಕಿದರೆ ಸುತ್ತೊಂದಕ್ಕೆ ಸಿಗುವ ವೋಲ್ಟೇಜು ಅಷ್ಟು ಇಳಿಯುತ್ತದೆ, ವೋಲ್ಟೇಜು ಇಳಿದ ಮೋಟರಿನಂತೆಯೇ ಟಾರ್ಕಿನಲ್ಲಿ ಸೊರಗುತ್ತದೆ. ಹೊರಗಿನ ವೋಲ್ಟ್ ಮೀಟರಿಗೆ ಇದು ಎಂದೂ ಕಾಣುವುದಿಲ್ಲ.

ಸ್ಟಾರ್ಟರು ತೆರೆದಾಗ ಓವರ್‌ಲೋಡ್ ರಿಲೇಯ ಗುಂಡಿ 9 ಆಂಪಿಯರಿನಲ್ಲಿತ್ತು. ಈ ಸ್ಟಾರ್ಟರಿನಲ್ಲಿ ರಿಲೇ ಇರುವುದು ಡೆಲ್ಟಾದ ಒಳಗೆ, ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು. 11 ಆಂಪಿಯರಿಗೆ 6.4 ಇರಬೇಕು. "ಆಗಾಗ ಟ್ರಿಪ್ ಆಗುತ್ತಿತ್ತು, ಅದಕ್ಕೇ ಯಾರೋ ಏರಿಸಿದ್ದಾರೆ" ಎಂದರು ಅಲ್ಲಿದ್ದವರು. ರಿಲೇ ನಿಜ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದ್ದರು. 6.4ಕ್ಕೆ ಇಳಿಸಿದೆ. ಮೂರನೆಯ ಸ್ಟಾರ್ಟಿಗೆ ಟ್ರಿಪ್ ಆಯಿತು.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಕನಿಷ್ಠ ಮತ್ತು ಗರಿಷ್ಠ ಓದನ್ನು ಹಿಡಿದಿಡುವ ಮೀಟರನ್ನು ಪ್ಯಾನಲಿನಲ್ಲಿ ಅಲ್ಲ, ಮೋಟರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ ಜೋಡಿಸಿದೆ. ಸ್ಟಾರ್ಟಿಗೆ ಮುಂಚೆ ಪ್ಯಾನಲಿನಲ್ಲಿ 372. ಸ್ಟಾರಿನಲ್ಲಿ ಎಳೆದಾಗ ಮೋಟರಿನ ಬಳಿ 358. ಎಂಟು ಸೆಕೆಂಡಿನ ನಂತರ ಟೈಮರು ಡೆಲ್ಟಾಕ್ಕೆ ತಿರುಗಿಸಿದಾಗ ಲೈನಿನಲ್ಲಿ 58 ಆಂಪಿಯರ್, ಪ್ಯಾನಲಿನಲ್ಲಿ 362, ಮೋಟರಿನ ಬಳಿ 318.

44 ವೋಲ್ಟ್ ಕೇಬಲಿನಲ್ಲೇ ಉಳಿದಿತ್ತು. ಅದು 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲು, 110 ಮೀಟರಿಗೆ ಬಿಸಿಯಾದಾಗ ಒಂದು ತಂತಿಗೆ ಸುಮಾರು 0.9 ಓಮ್. ಓಡುವಾಗಿನ 11 ಆಂಪಿಯರಿಗೆ ಹೇಗೋ ತಾಳಿಕೊಳ್ಳುತ್ತದೆ. ಸ್ಟಾರ್ಟಿನ 58ಕ್ಕೆ ಸಾಲದು.

ಈಗ ವರ್ಗವನ್ನು ಹಾಕಿ ನೋಡೋಣ. ಪೂರ್ಣ ವೋಲ್ಟೇಜಿನಲ್ಲಿ ಈ ಮೋಟರಿನ ಆರಂಭದ ಟಾರ್ಕ್ ಪೂರ್ಣ ಹೊರೆಯ 2.2 ಪಟ್ಟು. ಸ್ಟಾರಿನಲ್ಲಿ ಪ್ರತಿ ಸುರುಳಿಗೆ ಸಿಗುವುದು ವೋಲ್ಟೇಜಿನ 0.58 ಪಾಲು, ವರ್ಗ ಮಾಡಿದರೆ ಮೂರರಲ್ಲೊಂದು, ಅಂದರೆ 0.73 ಪಟ್ಟು. 358 ಎಂದರೆ 415ರ 0.86, ಅದರ ವರ್ಗ 0.74. ಎರಡೂ ಸೇರಿ ಉಳಿದದ್ದು 0.54 ಪಟ್ಟು. ಹೊರಟ ಮೇಲೆ ಕಂಪ್ರೆಸರು ಕೇಳುತ್ತಿದ್ದದ್ದು ಅದಕ್ಕಿಂತ ಹೆಚ್ಚು, ಹಾಗಾಗಿ ಮೋಟರು 600 ಸುತ್ತಿನ ಆಸುಪಾಸಿನಲ್ಲಿ ತೆವಳುತ್ತ ಎಂಟು ಸೆಕೆಂಡು ಕಳೆಯುತ್ತಿತ್ತು. ಆಮೇಲೆ ಹೆಚ್ಚುಕಡಿಮೆ ನಿಂತ ಮೋಟರನ್ನೇ ಡೆಲ್ಟಾಕ್ಕೆ ಹಾಕಿದಂತೆ 58 ಆಂಪಿಯರ್. ಸ್ಟಾರ್-ಡೆಲ್ಟಾ ಹಾಕಿದ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಡೆಲ್ಟಾದಲ್ಲಿ 318 ವೋಲ್ಟಿನ ವರ್ಗ 0.59, ಟಾರ್ಕ್ 2.2ರಿಂದ 1.3 ಪಟ್ಟಿಗೆ ಇಳಿದಿದೆ. ಹೊರೆಗಿಂತ ಇನ್ನೂ ಹೆಚ್ಚೇ ಇದೆಯಲ್ಲ ಎನ್ನಬಹುದು. ಇಲ್ಲೇ ಪೆಟ್ಟು ಬೀಳುವುದು. ಮೋಟರನ್ನು ವೇಗಕ್ಕೆ ಏರಿಸುವುದು ಅದರ ಪೂರ್ತಿ ಟಾರ್ಕ್ ಅಲ್ಲ, ಹೊರೆಗೆ ಕೊಟ್ಟು ಮಿಕ್ಕಿದ್ದು. ಹೊರೆ 0.9 ಪಟ್ಟು ಎಂದಿಟ್ಟುಕೊಂಡರೆ ಪೂರ್ಣ ವೋಲ್ಟೇಜಿನಲ್ಲಿ ಮಿಗುವುದು 1.3, ಇಲ್ಲಿ ಮಿಗುವುದು 0.4. ವೋಲ್ಟೇಜು ಇಳಿದದ್ದು ಕಾಲು ಭಾಗಕ್ಕಿಂತ ಕಡಿಮೆ, ಮಿಗುವ ಟಾರ್ಕ್ ಮಾತ್ರ ಮೂರರಲ್ಲೊಂದಕ್ಕೆ ಇಳಿಯಿತು, ಏರುವ ಸಮಯ ಮೂರು ಪಟ್ಟಾಯಿತು. ಅಷ್ಟೂ ಹೊತ್ತು ಪೂರ್ಣ ಹೊರೆಯ ಐದು ಪಟ್ಟು ಕರೆಂಟು, ಅಂದರೆ ತಾಮ್ರದಲ್ಲಿ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಶಾಖ. ಗಾಳಿಯ ಪೈಪು ಎಲ್ಲೋ ಸೋರುತ್ತಿದ್ದರಿಂದ ಗಂಟೆಗೆ ಹನ್ನೆರಡು ಸಲ ಈ ಸ್ಟಾರ್ಟು ನಡೆಯುತ್ತಿತ್ತು. ಮೂರೂ ಫೇಸು ಸಮನಾಗಿ ಕಪ್ಪಾದದ್ದು ಓಡುತ್ತ ಅಲ್ಲ, ಓಡಲು ಹೊರಡುತ್ತ.

ಹಾಗಾದರೆ ಕಂಪ್ರೆಸರು ಸ್ಟಾರಿನಲ್ಲೇ ಅಷ್ಟು ಹೊರೆ ಏಕೆ ಕೇಳಬೇಕು? ಮೋಟರು ನಿಂತಾಗ ಸಿಲಿಂಡರಿನ ಮೇಲಿನ ಒತ್ತಡವನ್ನು ಹೊರಗೆ ಬಿಡುವ ಅನ್‌ಲೋಡರ್ ವಾಲ್ವಿದೆ. ಸರಿಯಿದ್ದರೆ ಮೋಟರು ನಿಂತೊಡನೆ ಉಸ್ ಎಂಬ ಸದ್ದು ಕೇಳಬೇಕು. ಇಲ್ಲಿ ಆ ಸದ್ದೇ ಇರಲಿಲ್ಲ. ಬಿಚ್ಚಿ ನೋಡಿದರೆ ಅದರ ಸಣ್ಣ ಪಿನ್ನು ಎಣ್ಣೆಯ ಜಿಡ್ಡಿನಲ್ಲಿ ಅಂಟಿಕೊಂಡಿತ್ತು.

ಪಿನ್ನು ತೊಳೆದು ಕೂರಿಸಿದೆ, ಪೈಪಿನ ಸೋರಿಕೆ ನಿಲ್ಲಿಸಿದೆ, 10 ಚದರ ಮಿಲಿಮೀಟರಿನ ಕೇಬಲು ಎಳೆಸಿದೆ. ಈ ಕೇಬಲಿನಲ್ಲಿ ಒಂದು ತಂತಿಗೆ 0.2 ಓಮ್ ಚಿಲ್ಲರೆ. ಪಿನ್ನು ತೊಳೆದ ಮೇಲೆಯೇ ಮೋಟರು ಸ್ಟಾರಿನಲ್ಲಿ 1300 ದಾಟುತ್ತಿತ್ತು. ಕೇಬಲು ಬದಲಾದ ಮೇಲೆ ನಾಲ್ಕು ಸೆಕೆಂಡಿಗೆ 1380 ತಲುಪಿ, ಡೆಲ್ಟಾಕ್ಕೆ ತಿರುಗುವಾಗ ಕರೆಂಟು ಒಂದು ಕ್ಷಣ ಚಿಮ್ಮಿ ಇಳಿಯಿತು. ರಿಲೇ 6.4ರಲ್ಲೇ ಇದೆ, ಟ್ರಿಪ್ ಆಗಿಲ್ಲ. ಬೇಕೆಂದೇ ಅನ್‌ಲೋಡರ್ ಮುಚ್ಚಿ ಒಂದು ಸಲ ಹಳೆಯ ಕಷ್ಟದ ಸ್ಟಾರ್ಟು ಕೊಡಿಸಿದೆ: ಡೆಲ್ಟಾದಲ್ಲಿ ಮೋಟರಿನ ಬಳಿ 351 ವೋಲ್ಟ್. ವರ್ಗ 0.72, ಟಾರ್ಕ್ 1.6 ಪಟ್ಟು, ಮಿಗುವುದು 0.4ರ ಬದಲು 0.7.

ಓಡುವಾಗ ಈಗ ಮೋಟರಿನ ಬಳಿ 368 ಇದೆ. ಇದಿನ್ನೂ 415ಕ್ಕಿಂತ ನೂರಕ್ಕೆ 11 ಕಡಿಮೆ. ಮೋಟರುಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60034-1 ಪ್ರಕಾರ ಮೋಟರು ನಿರಂತರವಾಗಿ ಕೆಲಸ ಮಾಡಬೇಕಾದ ವೋಲ್ಟೇಜಿನ ವ್ಯಾಪ್ತಿ ನೂರಕ್ಕೆ ಐದು ಮೇಲೆ, ಐದು ಕೆಳಗೆ. ಹತ್ತರವರೆಗೆ ಓಡಬಲ್ಲದು, ಆದರೆ ಹೆಚ್ಚು ಬಿಸಿಯಾಗಿ, ದೀರ್ಘಕಾಲಕ್ಕಲ್ಲ. ಟ್ರಾನ್ಸ್‌ಫಾರ್ಮರಿನ ಟ್ಯಾಪು ಏರಿಸಿಬಿಡೋಣ ಎಂದರು ಅಲ್ಲಿದ್ದವರು. ಒಂದು ಟ್ಯಾಪಿಗೆ ನೂರಕ್ಕೆ ಎರಡೂವರೆ ಏರುತ್ತದೆ. ರಾತ್ರಿ ಹೊರೆ ಇಳಿದಾಗ ಹೋಗಿ ಅಳೆದೆ, ಪ್ಯಾನಲಿನಲ್ಲಿ 431 ಇತ್ತು. ಒಂದು ಟ್ಯಾಪಿಗೆ ರಾತ್ರಿ 442, ಎರಡು ಟ್ಯಾಪಿಗೆ 453. ನನ್ನ ಪಟ್ಟಿಯ ಮೊದಲ ಸಾಲು ನೆನಪಿಗೆ ಬಂತು. ಒಂದೇ ಟ್ಯಾಪು ಏರಿಸಿದೆವು. ಎರಡನೆಯ ವೋಲ್ಟ್ ಮೀಟರೊಂದನ್ನು ಕಂಪ್ರೆಸರಿನ ಪಕ್ಕದ ಗೋಡೆಗೆ, ಬಟನ್ ಒತ್ತುವವರ ಕಣ್ಣಿಗೆ ಬೀಳುವಂತೆ, ಮೋಟರಿನ ಟರ್ಮಿನಲ್ಲಿಗೇ ಜೋಡಿಸಿ ಬಂದೆ.